ನಮ್ಮವರ ಫೋನು ನೋಡಿದ ಆಟ

ನನಗೆ ಒಂದು ಫೋನಿನ ಮೇಲೆ ಹೊಟ್ಟೆಕಿಚ್ಚು. ಹೇಳಿದರೆ ಜನ ನಗುತ್ತಾರೆ, ನಗಲಿ. ನೆರೆಮನೆಯವಳ ಹೊಸ ಸೀರೆ ಕಂಡು ಹೊಟ್ಟೆ ಉರಿಸಿಕೊಳ್ಳುವವರನ್ನು ನೋಡಿ ನಾನೂ ನಕ್ಕವಳೇ. ಸೀರೆಯಾದರೆ ಎರಡು ಸಲ ಒಗೆದ ಮೇಲೆ ಬಣ್ಣ ಬಿಡುತ್ತದೆ, ಹೊಟ್ಟೆಕಿಚ್ಚೂ ಇಳಿಯುತ್ತದೆ. ಇದು ಹಾಗಲ್ಲ. ದಿನಾ ಸಂಜೆ ನಮ್ಮ ಪಡಸಾಲೆಯಲ್ಲಿ, ನಮ್ಮವರ ಅಂಗೈ ಮೇಲೆ ಕೂತು ಮಾತಾಡುತ್ತದೆ.

ನಮ್ಮವರು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ನೀರು ಕುಡಿದು ಕಡೆಗೆ ದಾಸನಕೊಪ್ಪದ ನಮ್ಮ ಮನೆಗೇ ಬಂದು ನಿವೃತ್ತರಾದರು. ಮಾಸ್ತರಿಕೆಗಿಂತ ಅವರಿಗೆ ಹೆಸರು ತಂದದ್ದು ವಾಲಿಬಾಲ್ ಅಂಪೈರಿಕೆ. ನೆಟ್ಟಿನ ಪಕ್ಕದ ಎತ್ತರದ ಸ್ಟ್ಯಾಂಡಿನ ಮೇಲೆ ನಿಂತು ಸೀಟಿ ಊದಿ ಒಂದು ಕಡೆ ಕೈ ತೋರಿಸಿದರೆ ಮುಗಿಯಿತು, ಸೋತವರೂ ಬಾಯಿ ಮುಚ್ಚಿಕೊಂಡು ಜಾಗ ಬದಲಿಸುತ್ತಿದ್ದರು. ಅವರು ಕೊಟ್ಟ ಪಾಯಿಂಟಿನ ಬಗ್ಗೆ ಯಾರೂ ಜಗಳ ತೆಗೆದದ್ದನ್ನು ನಾನು ನೋಡಿಲ್ಲ. ಮನೆಯಲ್ಲಿ ನಾನು ತೆಗೆದಿದ್ದೇನೆ, ಅದು ಬೇರೆ ಆಟ.

ನಿವೃತ್ತಿಗೆ ಮುಂಚೆಯೇ ಅವರ ಕಣ್ಣು ಮಂಜಾಗತೊಡಗಿತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸೊರಗಿದೆ, ಹೋದದ್ದು ವಾಪಸು ಬರುವುದಿಲ್ಲ ಅಂದರು ಡಾಕ್ಟರು. ಮೊದಲು ಬದಿಯ ನೋಟ ಹೋಯಿತು, ಆಮೇಲೆ ಎದುರಿನದೂ ಹೋಯಿತು. ಈಗ ಬಾಗಿಲು ಯಾವ ಕಡೆ ತೆರೆದಿದೆ ಎಂದು ಬೆಳಕಿನಿಂದ ಗೊತ್ತಾಗುತ್ತದೆ, ಬಾಗಿಲಲ್ಲಿ ನಿಂತವರು ಯಾರು ಅಂತ ಗೊತ್ತಾಗುವುದಿಲ್ಲ. ಮೊದಮೊದಲು ಬಹಳ ಸಿಟ್ಟು ಮಾಡಿಕೊಂಡರು. ಬೈದರು, ಊಟ ಬಿಟ್ಟರು. ಅದನ್ನೆಲ್ಲ ದಾಟಿಸಿದ್ದು ಅವರ ಹಳೇ ಹುಡುಗರ ವಾಟ್ಸಾಪ್ ಗುಂಪು.

ಆ ಗುಂಪಿನಲ್ಲಿ ಮಾತು ಕಡಿಮೆ, ವಿಡಿಯೋ ಜಾಸ್ತಿ. ಯಾವ ಊರಲ್ಲಿ ಯಾವ ಟೂರ್ನಮೆಂಟ್ ಆದರೂ ಯಾರೋ ಒಬ್ಬ ಅರ್ಧ ನಿಮಿಷದ ತುಂಡು ಹಾಕುತ್ತಾನೆ. ಅದನ್ನು ನೋಡಿ ಹೇಳುವ ಕೆಲಸ ನನ್ನದಾಯಿತು. ನಾನು ಹೊಲಿಗೆ ಮೆಷಿನ್ನಿನಿಂದ ಏಳುತ್ತಿದ್ದೆ, ಚಾ ಮಾಡುತ್ತಿದ್ದೆ, ಇಬ್ಬರೂ ಪಡಸಾಲೆಯ ಬೆಂಚಿನ ಮೇಲೆ ಕೂರುತ್ತಿದ್ದೆವು. ಮದುವೆಯಾದ ಮೇಲೆ ಅಷ್ಟು ಹೊತ್ತು ಅವರು ನನ್ನ ಪಕ್ಕದಲ್ಲಿ ಕೂತದ್ದೇ ಇಲ್ಲ. ಸಂಜೆಯಾದರೆ ಗ್ರೌಂಡು, ರಜೆ ಬಂದರೆ ಟೂರ್ನಮೆಂಟು. ಕಣ್ಣು ಹೋಗಿ ಗಂಡ ಮನೆಗೆ ಬಂದ ಅಂತ ಹೇಳಿದರೆ ಪಾಪ ಬರುತ್ತದೆ. ಆದರೆ ಒಳಗೊಳಗೇ ನನಗೆ ಆ ಸಂಜೆಗಳು ಹಿತವಾಗಿದ್ದವು, ಸುಳ್ಳು ಯಾಕೆ ಹೇಳಲಿ.

ನಾನು ಚೆನ್ನಾಗಿ ಹೇಳುತ್ತಿದ್ದೆನೇ? ಅವರ ಪ್ರಕಾರ ಇಲ್ಲ. ಚೆಂಡು ಎತ್ತಿಕೊಡುವ ಲಿಫ್ಟರ್ ಯಾರು, ಹೊಡೆಯುವ ಸ್ಮ್ಯಾಶರ್ ಯಾರು ಎಂಬಷ್ಟು ನನಗೆ ಗೊತ್ತು. ಆದರೆ ನನ್ನ ಕಣ್ಣು ಚೆಂಡಿನ ಹಿಂದೆ ಹೋಗುವುದಕ್ಕಿಂತ ಮನುಷ್ಯರ ಹಿಂದೆ ಹೋಗುತ್ತದೆ.

“ಯಲ್ಲಾಪುರದ ಆ ಉದ್ದನೆ ಹುಡುಗ ಭಾಳ ದಪ್ಪ ಆಗ್ಯಾನ್ರಿ,” ಅನ್ನುತ್ತಿದ್ದೆ.

“ಚೆಂಡು ಎಲ್ಲೈತಿ ಅದನ್ನ ಹೇಳು.”

“ಮ್ಯಾಲೈತಿ.”

“ಯಾವ ಕಡೆ ಮ್ಯಾಲೆ?”

“ಬಿತ್ತು ತಗೋರಿ.”

ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು. ನಾನು ವಿಡಿಯೋ ಹಿಂದಕ್ಕೆಳೆದು ಮತ್ತೆ ಹೇಳುತ್ತಿದ್ದೆ. ಬೈಗುಳ ತಿಂದುಕೊಂಡೇ ಕಲಿತೆ. ಸರ್ವೀಸು, ಲಿಫ್ಟು, ಸ್ಮ್ಯಾಶು, ಬ್ಲಾಕು, ಎಲ್ಲ ಕ್ರಮವಾಗಿ ಹೇಳುವಷ್ಟು ಪಳಗುವ ಹೊತ್ತಿಗೆ ಆ ಫೋನು ಬಂತು.

ತಂದವಳು ನನ್ನ ತಂಗಿಯ ಮಗಳು. ಶಿರಸಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ದೊಡ್ಡಪ್ಪನಿಗೆ ಅನುಕೂಲ ಆಗಲಿ ಅಂತ ಹೊಸ ಫೋನಿನಲ್ಲಿ ಒಂದು ಆ್ಯಪ್ ಹಾಕಿ ತಂದಳು. ಫೋಟೋ ಕೊಟ್ಟರೆ ಅದರಲ್ಲಿ ಏನಿದೆ ಅಂತ ಕನ್ನಡದಲ್ಲೇ ಹೇಳುತ್ತದೆ, ಸಣ್ಣ ವಿಡಿಯೋ ಕೊಟ್ಟರೂ ಹೇಳುತ್ತದೆ, ತಿರುಗಿ ಪ್ರಶ್ನೆ ಕೇಳಿದರೆ ಉತ್ತರವನ್ನೂ ಕೊಡುತ್ತದೆ. ಹೆಣ್ಣಿನ ದನಿ. ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಒಂದೂ ಅಕ್ಷರ ಜಾರಿಸದೆ ಮಾತಾಡುವ ದನಿ.

ಒಳ್ಳೆಯ ಹುಡುಗಿ ಅವಳು, ಮುಚ್ಚುಮರೆ ಇಲ್ಲದೆ ಹೇಳಿದಳು. “ದೊಡ್ಡಪ್ಪ, ಇದು ನಾವು ನೋಡಿದ ಹಂಗ ಇಡೀ ವಿಡಿಯೋ ನೋಡೂದಿಲ್ಲ. ನಡುನಡುವೆ ಏಳೆಂಟು ಚಿತ್ರ ಹೆಕ್ಕಿಕೊಳ್ತೈತಿ. ಅದರಾಗಿನ ಮಾತನ್ನ ಅಕ್ಷರ ಮಾಡಿಕೊಳ್ತೈತಿ. ಅವೆರಡನ್ನೂ ಜೋಡಿಸಿ ಹೇಳ್ತೈತಿ. ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವೆ ಆಗಿದ್ದು ಅದಕ್ಕ ಕಾಣೂದಿಲ್ಲ. ಅಲ್ಲಿ ಊಹಿ ಮಾಡ್ತೈತಿ, ನೆನಪಿರಲಿ.”

ದೊಡ್ಡಪ್ಪ ಹೂಂ ಅಂದರು. ಅವರ ಕಿವಿ ಆಗಲೇ ಆ ದನಿಯ ಕಡೆ ಇತ್ತು. ಮೊದಲ ದಿನವೇ ಗುಂಪಿನ ಒಂದು ವಿಡಿಯೋ ಅದಕ್ಕೆ ಕೊಟ್ಟರು. ಅದು ಶುರು ಮಾಡಿತು. “ಇದು ಹೊರಾಂಗಣದ ಮಣ್ಣಿನ ಅಂಕಣದಲ್ಲಿ ನಡೆಯುತ್ತಿರುವ ವಾಲಿಬಾಲ್ ಪಂದ್ಯ. ಎಡಬದಿಯಲ್ಲಿ ಕೆಂಪು ಅಂಗಿಯ ತಂಡ, ಬಲಬದಿಯಲ್ಲಿ ಹಸಿರು ಅಂಗಿಯ ತಂಡ ಇದೆ. ಕೆಂಪು ಅಂಗಿಯ ಆಟಗಾರ ನೆಟ್ಟಿನ ಬಳಿ ಜಿಗಿದಿದ್ದಾನೆ. ಎದುರಿನ ಇಬ್ಬರು ಕೈ ಮೇಲೆತ್ತಿ ತಡೆಯಲು ಸಿದ್ಧರಾಗಿದ್ದಾರೆ...”

ನಮ್ಮವರ ಮುಖ ನೋಡಬೇಕಿತ್ತು. ಕತ್ತು ಸ್ವಲ್ಪ ಓರೆ ಮಾಡಿ, ತುಟಿ ಬಿಚ್ಚಿ ಕೇಳುತ್ತಿದ್ದರು. ನಾನು ಇಷ್ಟು ದಿನ ಹೇಳುವಾಗ ಒಮ್ಮೆಯೂ ಆ ಮುಖ ನನಗೆ ಸಿಕ್ಕಿರಲಿಲ್ಲ.

“ನೋಡು, ಎಷ್ಟು ಚಂದ ಸಾಲುಗಟ್ಟಿ ಹೇಳ್ತಾಳ,” ಅಂದರು ನನಗೆ.

“ಹೇಳ್ತಾಳ ಅಲ್ರಿ, ಹೇಳ್ತೈತಿ.”

“ಹೆಣ್ಣು ದನಿ ಐತಲ್ಲ.”

“ದನಿ ಇದ್ದಿದ್ದಕ್ಕೆಲ್ಲಾ ಆಕಿ, ಈಕಿ ಅನ್ನೂದಾದ್ರ ಮಿಕ್ಸರಿಗೂ ಅನ್ರಿ.”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಿತ್ತಲ ಗಿಡಕ್ಕೆ ಏನನ್ನಿಸುತ್ತದೆ ಅಂತ ಯಾರೂ ಕೇಳುವುದಿಲ್ಲ.

ಆಮೇಲೆ ಸಂಜೆಯ ಬೆಂಚು ಅವರಿಬ್ಬರದಾಯಿತು. ನಾನು ಚಾ ತಂದಿಟ್ಟು ಮೆಷಿನ್ನಿಗೆ ವಾಪಸು ಹೋಗುತ್ತಿದ್ದೆ. ಬ್ಲೌಸಿನ ತೋಳು ಹೊಲಿಯುತ್ತ ಕಿವಿ ಮಾತ್ರ ಪಡಸಾಲೆಯಲ್ಲಿ ಇಟ್ಟಿರುತ್ತಿದ್ದೆ. ಅದು ಎಲ್ಲಿ ತಪ್ಪುತ್ತದೆ ಅಂತ ಕಾಯುತ್ತಿದ್ದೆ. ಅವರು ಮಲಗಿದಾಗ ಅದೇ ವಿಡಿಯೋ ತೆಗೆದು ನೋಡಿ ತಾಳೆ ಹಾಕುತ್ತಿದ್ದೆ. ಸಣ್ಣಪುಟ್ಟ ತಪ್ಪು ಸಿಗುತ್ತಿತ್ತು. ಬ್ಲಾಕಿಗೆ ತಾಗಿ ವಾಪಸು ಬಂದ ಚೆಂಡನ್ನು ಅದು ಆಚೆ ಕಡೆಗೆ ದಾಟಿಸಿಬಿಡುತ್ತಿತ್ತು, ಹುಸಿ ಹೊಡೆತ ತೋರಿಸಿ ಮೆಲ್ಲಗೆ ತಳ್ಳಿದ್ದನ್ನು ಸ್ಮ್ಯಾಶ್ ಅನ್ನುತ್ತಿತ್ತು. ಎರಡು ಚಿತ್ರದ ನಡುವಿನ ಕಳ್ಳಾಟ ಅದಕ್ಕೆ ಕಾಣುತ್ತಿರಲಿಲ್ಲ. ಅಂಥದ್ದು ಸಿಕ್ಕ ದಿನ ನನಗೆ ಊಟ ರುಚಿಸುತ್ತಿತ್ತು.

ದೊಡ್ಡ ತಪ್ಪು ಸಿಕ್ಕದ್ದು ಒಂದು ಬೀಳ್ಕೊಡುಗೆ ಸಮಾರಂಭದಲ್ಲಿ. ನಮ್ಮವರ ಜೊತೆ ಕೆಲಸ ಮಾಡಿದ ಒಬ್ಬ ಮಾಸ್ತರರು ಸಿದ್ದಾಪುರದಲ್ಲಿ ನಿವೃತ್ತರಾದರು. ಅದರ ವಿಡಿಯೋ ಬಂತು. ಆ್ಯಪು ಹೇಳಿತು, “ಸನ್ಮಾನಿತರಾಗಿ ಹಾರ ಧರಿಸಿದ ವ್ಯಕ್ತಿಯೊಬ್ಬರು ವೇದಿಕೆಯ ಮೇಲೆ ಮುಂದಕ್ಕೆ ಬಾಗುತ್ತಾರೆ. ನಂತರ ಅವರು ನೆಲದ ಮೇಲೆ ಮುಖ ಕೆಳಗಾಗಿ ಬಿದ್ದಿದ್ದಾರೆ. ಸುತ್ತಲಿನವರು ‘ಏಳ್ರಿ, ಏಳ್ರಿ’ ಎನ್ನುತ್ತ ಅವರನ್ನು ಎತ್ತಲು ಬರುತ್ತಾರೆ.”

ನಮ್ಮವರು ಗಾಬರಿಯಾಗಿ ಆ ಮಾಸ್ತರರಿಗೇ ಫೋನ್ ಹಚ್ಚಿದರು. “ಸ್ಟೇಜಿನ ಮ್ಯಾಲೆ ಬಿದ್ದರಂತಲ್ರಿ, ಬಿ.ಪಿ. ಏನಾರ ಹೆಚ್ಚಾಗಿತ್ತೇನು?” ಆ ಕಡೆಯವರಿಗೆ ಏನೂ ತಿಳಿಯಲಿಲ್ಲ. ನಾನು ಮೆಷಿನ್ನು ಬಿಟ್ಟು ಓಡಿಬಂದು ವಿಡಿಯೋ ನೋಡಿದೆ. ಆ ಮಾಸ್ತರರಿಗೆ ಒಂದನೇ ಕ್ಲಾಸಿನಲ್ಲಿ ಪಾಠ ಹೇಳಿದ ಮುದುಕ ಗುರುಗಳು ಸಮಾರಂಭಕ್ಕೆ ಬಂದಿದ್ದರು. ಇವರು ಅವರಿಗೆ ಸಾಷ್ಟಾಂಗ ನಮಸ್ಕಾರ ಹಾಕಿದ್ದರು, ಅಷ್ಟೆ. ಬಾಗಿದ್ದು ಒಂದು ಚಿತ್ರ, ಉದ್ದಕ್ಕೆ ಮಲಗಿದ್ದು ಇನ್ನೊಂದು ಚಿತ್ರ, ನಡುವೆ ಕೈಮುಗಿದು ಮೊಣಕಾಲೂರಿದ್ದು ಅದಕ್ಕೆ ಸಿಕ್ಕಿಲ್ಲ. ಗುರುಗಳು ಸಂಕೋಚದಿಂದ ಏಳ್ರಿ ಏಳ್ರಿ ಅಂದದ್ದು ಸಿಕ್ಕಿದೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬುದ್ಧಿ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಹಳ ದಿನದ ನಗು ಅದು. ನಮ್ಮವರೂ ನಕ್ಕರು, ಆದರೆ ಕೊನೆಗೆ ಏನಂದರು ಗೊತ್ತೇ? “ಪಾಪ, ಆಕಿಗೆ ಸಿಕ್ಕ ಚಿತ್ರದಾಗ ಹಂಗ ಕಂಡಿರಬೇಕು. ಆಕಿದೇನು ತಪ್ಪು?”

ನನ್ನ ನಗು ಅಲ್ಲೇ ನಿಂತಿತು. ನಾನು ಎಡಗಡೆ ಅನ್ನುವುದಕ್ಕೆ ಬಲಗಡೆ ಅಂದಾಗ ಹಣೆ ಚಚ್ಚಿಕೊಂಡ ಮನುಷ್ಯ ಇವರೇ. ಅದು ನೆಟ್ಟಗಿದ್ದವರನ್ನು ಕೆಡವಿದರೂ ಪಾಪ ಅನ್ನುತ್ತಾರೆ. ಅವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು ಅಂದರು. ಪಾಪ, ಕೈಗೆ ಸಿಕ್ಕ ಉಪ್ಪು ಅಷ್ಟಿತ್ತು ಅಂದೆ ನಾನು.

ನಮ್ಮವರಿಗೆ ಇನ್ನೊಂದು ಚಟ ಅಂಟಿತು, ಬಂದವರಿಗೆಲ್ಲ ಆ ಫೋನಿನ ಗುಣಗಾನ. ಗುಂಪಿನಲ್ಲೂ ಹೇಳಿಕೊಂಡರು. ಸರ್ ಅವರ ಫೋನು ವಿಡಿಯೋ ನೋಡಿ ಹೇಳುತ್ತದಂತೆ ಎಂಬ ಸುದ್ದಿ ಮೂರು ತಾಲೂಕಿನ ವಾಲಿಬಾಲಿನವರಿಗೆಲ್ಲ ಗೊತ್ತಾಯಿತು. ಅದಕ್ಕಿಂತ ಮೊದಲು ಅಷ್ಟು ದಿನ ನಾನು ನೋಡಿ ಹೇಳಿದ್ದು ಯಾರಿಗೂ ಸುದ್ದಿಯಾಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಿದ್ದಾಪುರದಿಂದ ಫೋನು ಬಂತು. ಮಾತಾಡಿದವನು ನಮ್ಮವರ ಹಳೇ ಶಿಷ್ಯ, ಅಲ್ಲಿ ಟೂರ್ನಮೆಂಟ್ ನಡೆಸುತ್ತಿದ್ದವನು. ಹಿಂದಿನ ರಾತ್ರಿ ನಮ್ಮ ದಾಸನಕೊಪ್ಪದ ಹುಡುಗರಿಗೂ ಯಲ್ಲಾಪುರದವರಿಗೂ ಸೆಮಿಫೈನಲ್. ಕೊನೆಯ ಸೆಟ್ಟು, ಕೊನೆಯ ಪಾಯಿಂಟು. ಯಲ್ಲಾಪುರದವನು ಹೊಡೆದ ಚೆಂಡು ನಮ್ಮ ಹುಡುಗರ ಹಿಂದಿನ ಗೆರೆಯ ಹತ್ತಿರ ಬಿತ್ತು. ಒಳಗೆ ಬಿದ್ದಿದ್ದರೆ ಯಲ್ಲಾಪುರ ಗೆದ್ದಂತೆ. ಗೆರೆ ಕಾಯುವ ಅಂಪೈರ್ ಔಟ್ ಎಂದು ಬಾವುಟ ಎತ್ತಿದ, ಮೇನ್ ಅಂಪೈರ್ ಇನ್ ಅಂದ. ಎರಡೂ ಕಡೆಯವರು ಅಂಗಿ ಹಿಡಿದುಕೊಂಡರು. ಆಟ ಅಲ್ಲಿಗೇ ನಿಂತಿತು.

“ಎಂತ ಮಾಡೂದು ಸರ್, ಇಲ್ಲಿ ಯಾರು ಹೇಳಿದ್ರೂ ಯಾರೂ ಕೇಳೂದಿಲ್ಲ,” ಅಂದ. “ನಿಮ್ಮ ಮಾತಾದ್ರೆ ಎರಡೂ ಕಡೆಯವರು ಒಪ್ತಾರೆ. ಒಬ್ಬ ವಿಡಿಯೋ ತೆಗೆದಿದ್ದಾನೆ, ಕಳಿಸ್ತೆ. ನಿಮ್ಮ ಫೋನಿಗೆ ತೋರಿಸಿ ಹೇಳಿ ಸರ್. ಮಷಿನ್ನು ಯಾರ ಕಡೆದೂ ಅಲ್ವಲ್ಲ.”

ಸ್ಪೀಕರಿನಲ್ಲಿ ಇಟ್ಟಿದ್ದರಿಂದ ನನಗೂ ಕೇಳಿಸಿತು. ನಿಮ್ಮ ಫೋನಿಗೆ ತೋರಿಸಿ. ಮನೆಯಲ್ಲಿ ಎರಡು ಕಣ್ಣು ನೆಟ್ಟಗಿರುವ ಹೆಂಗಸು ಒಬ್ಬಳಿದ್ದಾಳೆ ಅನ್ನುವುದು ಆ ಮಹಾರಾಯನಿಗೆ ನೆನಪಾಗಲಿಲ್ಲ, ನಮ್ಮ ಮನೆಯಲ್ಲಿ ಎಷ್ಟೋ ಸಲ ನನ್ನ ಕೈ ರೊಟ್ಟಿ ತಿಂದವನು ಅವನು.

ನಮ್ಮವರು ಮಾತ್ರ ನೆಟ್ಟಗೆ ಕೂತಿದ್ದರು. ಕಣ್ಣು ಹೋದ ಮೇಲೆ ಒಂದು ಪಾಯಿಂಟಿನ ತೀರ್ಪು ಅವರ ಬಳಿ ಬಂದದ್ದು ಅದೇ ಮೊದಲು. ಅಂಗಿ ಬದಲಿಸಿ ಬಂದರು. ಫೋನಿನಲ್ಲಿ ಹೇಳುವುದಕ್ಕೆ ಅಂಗಿ ಯಾಕೆ ಅಂತ ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅವರಿಗೆ ಇದು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿತ್ತು. ತಪ್ಪು ತೀರ್ಪು ಹೋದರೆ ಇಷ್ಟು ವರ್ಷದ ಹೆಸರಿಗೆ ಕಣ್ಣಿಲ್ಲದವನು ಕೊಟ್ಟ ತೀರ್ಪು ಎಂಬ ಬಾಲ ಅಂಟಿಕೊಳ್ಳುತ್ತಿತ್ತು.

ವಿಡಿಯೋ ಬಂತು. ಆ್ಯಪಿಗೆ ಕೊಟ್ಟರು. ಅದು ಹೇಳಿತು, “ಬಿಳಿ ಅಂಗಿಯ ಆಟಗಾರ ಜಿಗಿದು ಚೆಂಡನ್ನು ಬಲವಾಗಿ ಹೊಡೆಯುತ್ತಾನೆ. ಚೆಂಡು ಎದುರಾಳಿಗಳ ಹಿಂದಿನ ಗೆರೆಯ ಹೊರಗೆ ಬೀಳುತ್ತದೆ. ನೀಲಿ ಅಂಗಿಯ ಆಟಗಾರರು ‘ಔಟ್, ಔಟ್’ ಎಂದು ಕೂಗುತ್ತಾರೆ.”

ನೀಲಿ ಅಂಗಿ ನಮ್ಮೂರಿನ ಹುಡುಗರದು. “ಔಟ್ ಅಂತ,” ಅಂದರು ನಮ್ಮವರು. ಫೋನು ಕೈಗೆತ್ತಿಕೊಂಡರು, ಸಿದ್ದಾಪುರಕ್ಕೆ ಹಚ್ಚಲು.

“ತಡೀರಿ,” ಅಂದೆ. “ನಾನೂ ನೋಡ್ತೀನಿ.”

ಅವರ ಕೈಯಿಂದ ಫೋನು ಕಸಿದುಕೊಂಡೆ ಅಂದರೂ ಸರಿಯೇ. ವಿಡಿಯೋ ಹಚ್ಚಿದೆ. ಹೊಡೆದ, ಚೆಂಡು ಬಂತು, ನಮ್ಮ ಹುಡುಗನ ಹತ್ತಿರ ನೆಲಕ್ಕೆ ಬಡಿದು ಹಿಂದಕ್ಕೆ ಹಾರಿತು. ನನ್ನ ಬಾಯಿಂದ ಮಾತು ತಾನೇ ಹೊರಟಿತು.

“ಇನ್ ಐತ್ರಿ.”

“ಏನು?”

“ಒಳಗ ಬಿದ್ದೈತಿ. ಇದು ಹೊರಗ ಕಂಡಿದ್ದು ಪುಟಿದ ಮ್ಯಾಲಿಂದು. ಇದಕ್ಕ ಬಿದ್ದಿದ್ದ ಕಂಡಿಲ್ಲ.”

ಅವರು ಖಾಲಿಯಾದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ ಅಂದರು, “ನಿನಗ ಒಳಗ ಕಂಡು ಇನ್ ಅಂದಿಯೋ, ಆಕಿ ಔಟ್ ಅಂದಿದ್ದಕ್ಕ ಇನ್ ಅಂದಿಯೋ?”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಮ್ಮದೇ ಊರಿನ ಹುಡುಗರು ಸೋಲುವ ಮಾತು ಹೇಳಿದ್ದೇನೆ, ಅದಕ್ಕೂ ನಂಬಿಕೆ ಇಲ್ಲ. ಇಷ್ಟು ದಿನ ನನ್ನ ಹೊಟ್ಟೆಕಿಚ್ಚು ಇವರಿಗೆ ತಿಳಿದಿಲ್ಲ ಅಂತ ನಾನು ತಿಳಿದಿದ್ದೆ. ಎಲ್ಲ ತಿಳಿದೇ ಸುಮ್ಮನಿದ್ದರು.

“ಹಂಗಾದ್ರ ಅದಕ್ಕ ಕೇಳ್ರಿ,” ಅಂದೆ. “ಚೆಂಡು ನೆಲಕ್ಕ ಬಡಿಯೂದು ಕಂಡಿಯೇನು ಅಂತ ಅದಕ್ಕ ಕೇಳ್ರಿ.”

ಅವರು ಕೇಳಲಿಲ್ಲ. ಮೊದಲು ವಿಡಿಯೋದ ಸದ್ದು ಕೇಳಿಸು ಅಂದರು. ಮತ್ತೆ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಅಂದರು. ಹೊಡೆದ ಸದ್ದು, ಕೂಡಲೇ ಔಟ್ ಔಟ್ ಎಂಬ ಕೂಗು, ಅದರ ಬೆನ್ನಿಗೆ ನೆಲಕ್ಕೆ ಬಡಿದ ಸದ್ದು.

“ಅಲ್ಲೇ ಐತಿ ನೋಡು ತಪ್ಪು,” ಅಂದರು. “ಕೂಗಿದ್ದು ಮೊದಲು, ಬಿದ್ದಿದ್ದು ಆಮ್ಯಾಲೆ. ಅದು ತೀರ್ಪಲ್ಲ. ಮುಟ್ಟಬ್ಯಾಡ, ಬಿಡು ಅಂತ ಜೊತೆಯವನಿಗೆ ಹೇಳೂದು. ಹಂಗ ಕೂಗಾಕ ಈ ಹುಡುಗರಿಗೆ ಕಲಿಸಿದಾಂವ ನಾನೇ.”

ಆಮೇಲೆ ಆ್ಯಪಿಗೆ ಕೇಳಿದರು. ಕ್ಲಾಸಿನಲ್ಲಿ ಹುಡುಗನನ್ನು ನಿಲ್ಲಿಸಿ ಕೇಳುವ ದನಿಯಲ್ಲಿ ಕೇಳಿದರು. ಚೆಂಡು ನೆಲ ಮುಟ್ಟಿದ ಚಿತ್ರ ನಿನಗೆ ಸಿಕ್ಕಿದೆಯೇ?

ಅದು ಹೇಳಿತು, “ಇಲ್ಲ. ನನಗೆ ದೊರೆತ ಒಂದು ಚಿತ್ರದಲ್ಲಿ ಚೆಂಡು ನೀಲಿ ಅಂಗಿಯ ಆಟಗಾರನ ಭುಜದ ಎತ್ತರದಲ್ಲಿದೆ. ಮುಂದಿನ ಚಿತ್ರದಲ್ಲಿ ಅದು ಗೆರೆಯ ಆಚೆ, ನೆಲದಿಂದ ಮೇಲೆ ಇದೆ. ಇವೆರಡರ ನಡುವೆ ಏನಾಯಿತೆಂದು ನನಗೆ ಕಾಣುವುದಿಲ್ಲ. ‘ಔಟ್’ ಎಂಬ ಮಾತು ಇದ್ದುದರಿಂದ ಹೊರಗೆ ಬಿತ್ತು ಎಂದು ಊಹಿಸಿ ಹೇಳಿದೆ. ಹಾಗೆ ಖಚಿತವಾಗಿ ಹೇಳಬಾರದಿತ್ತು. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಈ ಚಿತ್ರಗಳಿಂದ ಹೇಳಲು ಸಾಧ್ಯವಿಲ್ಲ.”

ಗೆದ್ದೆ ಅಂದುಕೊಂಡೆ. ಸೊಂಟದ ಮೇಲೆ ಕೈಯಿಟ್ಟು ನಿಂತೆ. ನಮ್ಮವರ ಮುಖದಲ್ಲಿ ಸಿಟ್ಟು ಬರುತ್ತದೆ ಅಂತ ಕಾದೆ. ಬಂದದ್ದು ಬೇರೆ.

“ಭೇಷ್,” ಅಂದರು. ಫೋನಿಗೆ ಅಂದರು. “ಲೈನ್ ಅಂಪೈರ್ ಅಂದ್ರ ಹಿಂಗಿರಬೇಕು. ಕಾಣದಿದ್ರ ಕಾಣಲಿಲ್ಲ ಅಂತ ಎರಡೂ ಕೈ ಎದಿ ಮ್ಯಾಲೆ ಕತ್ತರಿ ಹಾಕಿ ತೋರಿಸಬೇಕು, ನಮ್ಮ ಆಟದಾಗ ಅದಕ್ಕ ಸಂಜ್ಞಾನೇ ಐತಿ. ನಾ ಎಷ್ಟೋ ಮಂದಿಗೆ ಕಲಿಸಿದೆ, ಒಬ್ಬನೂ ಮಾಡಲಿಲ್ಲ. ಎಲ್ಲರಿಗೂ ಕಂಡೇ ಇರತೈತಿ.”

ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕೂ ಭೇಷ್! ನನಗೆ ಆ ಫೋನನ್ನು ತೆಗೆದುಕೊಂಡು ಹೋಗಿ ಹಿಟ್ಟಿನ ಡಬ್ಬಿಯಲ್ಲಿ ಹುಗಿಯಬೇಕು ಅನ್ನಿಸಿತು. ನಾನು ಏನೂ ಅನ್ನುವ ಮೊದಲೇ ಅವರು ನನ್ನ ಕಡೆ ತಿರುಗಿದರು. ಸರಿಯಾಗಿ ನಾನು ನಿಂತ ಕಡೆಗೇ.

“ಈಗ ನೀ ಹೇಳು. ಅದಕ್ಕ ತುಂಡುತುಂಡು ಸಿಕ್ಕೈತಿ, ನಿನಗ ಇಡೀ ವಿಡಿಯೋ ಐತಿ. ಗೆರಿ ಒಳಗ ಬಿದ್ದಿದ್ದು ಕಂಡಿಯೇನು? ಕಂಡಿದ್ರ ಹೂಂ ಅನ್ನು ಸಾಕು. ನಿನ್ನ ಮಾತಿನ ಮ್ಯಾಲೆ ಸಿದ್ದಾಪುರಕ್ಕ ತೀರ್ಪು ಹೇಳ್ತೀನಿ.”

ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆ ನಾನು. ಅದಕ್ಕಲ್ಲ, ನನಗೆ ಕೇಳುತ್ತಿದ್ದಾರೆ. ಇವರ ಹೆಸರನ್ನೇ ನನ್ನ ಒಂದು ಹೂಂ ಮೇಲೆ ಇಡುತ್ತಿದ್ದಾರೆ. ಹೂಂ ಅನ್ನುವುದಕ್ಕೆ ಬಾಯಿ ತೆರೆದೆ. ತೆರೆದವಳು, ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ ಅಂತ ಇನ್ನೊಮ್ಮೆ ನೋಡಿದೆ.

ಈ ಸಲ ಓಡಿಸಲಿಲ್ಲ. ಬೆರಳಿನಲ್ಲಿ ಕೂದಲೆಳೆಯಷ್ಟು ಜರುಗಿಸುತ್ತ, ನಿಲ್ಲಿಸುತ್ತ ನೋಡಿದೆ. ಚೆಂಡು ಇಳಿಯಿತು. ನಮ್ಮ ಹುಡುಗ ಅದನ್ನು ಬಿಡಲು ಹಿಂದಕ್ಕೆ ಸರಿದ. ಸರಿಯುವಾಗ ಅವನ ಎಡಗಾಲು ಗೆರೆಗೂ ಕ್ಯಾಮೆರಾಕ್ಕೂ ನಡುವೆ ಬಂತು. ಚೆಂಡು ಆ ಕಾಲಿನ ಹಿಂದೆ ಹೋಯಿತು. ಮುಂದೆ ಜರುಗಿಸಿದರೆ ಕಾಲಿನ ಆಚೆಯಿಂದ ಮೇಲಕ್ಕೆ ಬಂತು. ಬಡಿದದ್ದು ಕಾಲಿನ ಮರೆಯಲ್ಲಿ. ಹಿಂದೆ ಮುಂದೆ ಎಷ್ಟು ಎಳೆದರೂ ಕಾಲು, ಮೀನಖಂಡ, ಕಾಲುಚೀಲ. ಗೆರೆ ಇಲ್ಲ. ಓಡಿಸಿ ನೋಡಿದಾಗ ಒಳಗೆ ಬಿತ್ತು ಅಂತ ಕಂಡದ್ದು ನನ್ನ ಕಣ್ಣಿಗಲ್ಲ, ನನ್ನ ಆಸೆಗೆ.

ಆ ಕಾಲಿನ ಚಿತ್ರವೊಂದನ್ನು ತೆಗೆದು ಆ್ಯಪಿಗೆ ಕೊಡಬಹುದಿತ್ತು. ತನಗೆ ತಪ್ಪಿದ ಚಿತ್ರ ಸಿಕ್ಕಿದ್ದೇ ತಡ, ಕಾಲು ಅಡ್ಡ ಬಂದಿದೆ ಅಂತ ಚಂದವಾಗಿ ಓದಿ ಹೇಳುತ್ತಿತ್ತು. ಕೊಡಲಿಲ್ಲ. ಅಷ್ಟಾದರೂ ನನ್ನದಾಗಿರಲಿ ಅಂದುಕೊಂಡೆ.

“ಯಾಕ ಸುಮ್ಮನಾದಿ?” ಅಂದರು.

ಹೂಂ ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತಿತ್ತು? ಈ ಪಂದ್ಯ ಮುಗಿಯುತ್ತಿತ್ತು, ಇವತ್ತಿನಿಂದ ಸಂಜೆಯ ಬೆಂಚೂ ನನಗೆ ವಾಪಸು ಬರುತ್ತಿತ್ತು. ಆದರೆ ಅಂಗಿ ಬದಲಿಸಿ ಕೂತಿದ್ದ ಆ ಮುಖದ ಮುಂದೆ ಹೂಂ ಹೊರಡಲಿಲ್ಲ.

“ಕಾಣಲಿಲ್ರಿ,” ಅಂದೆ. “ನಮ್ಮ ಹುಡುಗನ ಕಾಲು ಅಡ್ಡ ಬಂದೈತಿ. ಚೆಂಡು ಕಾಲಿನ ಮರಿಯಾಗ ಬಿದ್ದೈತಿ. ಒಳಗೂ ಅನ್ನಾಕ ಬರೂದಿಲ್ಲ, ಹೊರಗೂ ಅನ್ನಾಕ ಬರೂದಿಲ್ಲ.”

ಹೇಳುವಾಗಲೇ ಗೊತ್ತಾಯಿತು, ಅದು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೇನೆ. ಅದೂ ಅದರ ಹಿಂದಿನಿಂದ, ಎರಡನೆಯವಳಾಗಿ. ಭೇಷ್ ಮೊದಲೇ ಖರ್ಚಾಗಿತ್ತು. ನಮ್ಮವರು ನನಗೆ ಭೇಷ್ ಅನ್ನಲಿಲ್ಲ. ತಲೆಯಾಡಿಸಿ, “ಕಾಲು ಕಂಡಿದ್ದು ದೊಡ್ಡದಾತು. ಈಗ ಕಾರಣಾ ಕೊಟ್ಟು ಹೇಳಾಕ ಬರತೈತಿ,” ಅಂದರು. ಅಷ್ಟಕ್ಕೇ ನನ್ನ ಮುಖ ಅರಳಿತು, ಮರ್ಯಾದೆ ಇಲ್ಲದ ಮುಖ.

ಸಿದ್ದಾಪುರಕ್ಕೆ ಹಚ್ಚಿದರು. “ಆಟಗಾರನ ಕಾಲು ಅಡ್ಡ ಬಂದು ಗೆರಿ ಕಾಣೂದಿಲ್ಲ. ಇನ್ ಅನ್ನಾಕೂ ಆಧಾರ ಇಲ್ಲ, ಔಟ್ ಅನ್ನಾಕೂ ಆಧಾರ ಇಲ್ಲ. ಆ ಒಂದು ಪಾಯಿಂಟ್ ಮತ್ತ ಆಡ್ಸು,” ಅಂದರು. ಅವನು ಆಯ್ತು ಸರ್, ಲೈನಲ್ಲೇ ಇರಿ, ಈಗಲೇ ಹೇಳ್ತೆ ಅಂದ. ಗ್ರೌಂಡಿನಲ್ಲಿ ಎರಡೂ ತಂಡದವರು, ಊರವರು ಸೇರಿದ್ದರು ಅಂತ ಕಾಣುತ್ತದೆ, ಗದ್ದಲ ಕೇಳುತ್ತಿತ್ತು. ಅವನು ಮೈಕು ಹಿಡಿದದ್ದು ನಮಗೆ ಸ್ಪೀಕರಿನಲ್ಲಿ ಕೇಳಿಸಿತು. ನಾನು ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದು ನಿಂತೆ.

“ಎಲ್ಲರೂ ಕೇಳಿ. ನಮ್ಮ ಸರ್ ಅವರ ಮೊಬೈಲು ವಿಡಿಯೋವನ್ನು ಪರೀಕ್ಷೆ ಮಾಡಿದೆ. ಆಟಗಾರನ ಕಾಲು ಅಡ್ಡ ಬಂದಿದ್ದನ್ನು ಮೊಬೈಲು ಕಂಡುಹಿಡಿದಿದೆ. ಹಾಗಾಗಿ ಆ ಪಾಯಿಂಟನ್ನು ಮತ್ತೆ ಆಡಿಸಲಾಗುವುದು.”

ಜನ ಚಪ್ಪಾಳೆ ಹೊಡೆದರು. ಯಾರೋ ಸೀಟಿ ಹಾಕಿದರು. ಎರಡೂ ಕಡೆಯವರು ಒಪ್ಪಿದರು, ಒಬ್ಬನೂ ತಕರಾರು ಎತ್ತಲಿಲ್ಲ. ಲೈನು ಕಟ್ಟಾಯಿತು.

“ಕಾಲು ಕಂಡಿದ್ದು ನಾನು,” ಅಂದೆ.

“ನನಗ ಗೊತ್ತೈತಲ್ಲ,” ಅಂದರು. ಅವರ ತುಟಿ ನಡುಗುತ್ತಿತ್ತು, ನಗು ತಡೆಯಲಾರದೆ.

“ನಿಮಗ ಗೊತ್ತಿದ್ರ ಮುಗೀತೇನು? ಫೋನ್ ಹಚ್ಚರಿ. ಮೈಕಿನಾಗ ತಿದ್ದಿ ಹೇಳಾಕ ಹೇಳ್ರಿ.”

ಹಚ್ಚಿದರು. ಅವನು ಎತ್ತಲಿಲ್ಲ, ಅಲ್ಲಿ ಆಟ ಶುರುವಾಗಿರಬೇಕು. ಇನ್ನೊಮ್ಮೆ ಹಚ್ಚಿದರು. ಆಮೇಲೆ ನಾನೇ ಹಚ್ಚಿದೆ. ಸಂಜೆ ಅವನೇ ಫೋನು ಮಾಡಿ ಯಲ್ಲಾಪುರದವರು ಗೆದ್ದರು ಅಂತ ಹೇಳಿದ, ನಿಮ್ಮ ಮೊಬೈಲಿಗೆ ಎಲ್ಲರೂ ಥ್ಯಾಂಕ್ಸ್ ಹೇಳಿದ್ದಾರೆ ಸರ್ ಅಂದ. ನಮ್ಮವರು ಅದು ಮೊಬೈಲಲ್ಲ ಮಾರಾಯ, ನಮ್ಮ ಮನೆಯವರು ಅಂದರೆ ಅವನು ತಮಾಷೆ ಅಂದುಕೊಂಡು ನಕ್ಕ. ಗುಂಪಿನಲ್ಲಿ ಫೋನಿನ ಚಿತ್ರಕ್ಕೆ ಹಾರ ಹಾಕಿದ ಫೋಟೋ ಬಂದಿದೆ, ನಾನೇ ನೋಡಿ ಅವರಿಗೆ ಹೇಳಿದೆ. ಅದಕ್ಕೇ ಇದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕಾಲು ಕಂಡದ್ದು ನನಗೆ.